ಎನ್‌ಪಿವಿ ಮೈನಸ್ 8 ಬಂದ ಘಟಕ: ವಿಸ್ತರಿಸುವ ಮತ್ತು ಕೈಬಿಡುವ ಅವಕಾಶಕ್ಕೆ ಬೆಲೆ ಕಟ್ಟುವುದು ಹೇಗೆ

ಪ್ಲಾಸ್ಟಿಕ್ ಬಿಡಿಭಾಗಗಳನ್ನು ತಯಾರಿಸುವ ಒಂದು ಕಂಪನಿ ಇದೆ ಎಂದುಕೊಳ್ಳಿ. ಹೊಸ ಮೋಲ್ಡಿಂಗ್ ಘಟಕ ಹಾಕಬೇಕೋ ಬೇಡವೋ ಎಂದು ಅದು ಯೋಚಿಸುತ್ತಿದೆ. ಘಟಕಕ್ಕೆ ಇಂದು ಹಾಕಬೇಕಾದ ಹಣ 108. ಅದರಿಂದ ಮುಂದೆ ಬರುವ ಹಣದ ಇಂದಿನ ಬೆಲೆ 100. ಇದರಲ್ಲಿ ಹಾಕುವ ಹಣ ಕಳೆದರೆ ಸಿಗುವ ನಿವ್ವಳ ಇಂದಿನ ಬೆಲೆ, ಅಂದರೆ ಎನ್‌ಪಿವಿ, ಮೈನಸ್ 8. ಹಣಕಾಸು ವಿಭಾಗದ ಫೈಲಿನಲ್ಲಿ ಕೊನೆಯ ಸಾಲು "ಬೇಡ" ಎಂದಿದೆ.

ಇದು ವಿಧಾನವನ್ನು ತೋರಿಸಲು ನಾನೇ ಕಟ್ಟಿದ ಪ್ರಕರಣ. ಅಂಕಿಗಳೆಲ್ಲ ಲಕ್ಷದಲ್ಲಿ ಇವೆ ಎಂದುಕೊಳ್ಳಿ, ನಾಣ್ಯ ಯಾವುದಾದರೂ ಸರಿ. ಕೈಯಲ್ಲೇ ಲೆಕ್ಕ ಹಾಕಲು ಬರಲಿ ಎಂದು ದುಂಡಗಿನ ಅಂಕಿ ಆರಿಸಿದ್ದೇನೆ. ಓದುವಾಗ ಕ್ಯಾಲ್ಕ್ಯುಲೇಟರ್ ಪಕ್ಕದಲ್ಲಿದ್ದರೆ ಒಳ್ಳೆಯದು.

100 ಎಲ್ಲಿಂದ ಬಂತು?

ಒಂದು ವರ್ಷದ ನಂತರ ಬೇಡಿಕೆ ಹೇಗಿದೆ ಅನ್ನೋದು ಗೊತ್ತಾಗುತ್ತದೆ. ಬೇಡಿಕೆ ಚೆನ್ನಾಗಿದ್ದರೆ ಆಗ ಘಟಕದ ಬೆಲೆ 140. ಮಂಕಾಗಿದ್ದರೆ 70. ಚೆನ್ನಾಗಿರುವ ಸಾಧ್ಯತೆ 60% ಎಂದು ಮಾರಾಟ ವಿಭಾಗದ ಅಂದಾಜು. ಸರಾಸರಿ ತೆಗೆದರೆ 112. ಇಂಥ ಘಟಕಕ್ಕೆ ಕಂಪನಿ ಬಳಸುವ ಡಿಸ್ಕೌಂಟ್ ದರ 12%. ಹಾಗಾಗಿ 112ನ್ನು 1.12ರಿಂದ ಭಾಗಿಸಿದರೆ ಇಂದಿನ ಬೆಲೆ ಸರಿಯಾಗಿ 100.

ಎರಡನೇ ವರ್ಷವೂ ಇದೇ ತರಹ. ಇದ್ದ ಬೆಲೆ 1.4 ಪಟ್ಟು ಆಗಬಹುದು, ಇಲ್ಲವೇ 0.7 ಪಟ್ಟಿಗೆ ಇಳಿಯಬಹುದು. ವರ್ಷಕ್ಕೆ ಸುಮಾರು 35% ಏರಿಳಿತ ಇರುವ ಯೋಜನೆಗೆ ಹೆಚ್ಚುಕಡಿಮೆ ಇಷ್ಟೇ ಅಗಲದ ಮರ, ಅಂದರೆ ಕವಲೊಡೆಯುವ ಬೆಲೆಗಳ ಚಿತ್ರ, ಬರುತ್ತದೆ.

```
ಇಂದು      ವರ್ಷ 1      ವರ್ಷ 2

                      196
          140
100                   98
          70
                      49
```

ಏರಿ ಇಳಿದರೂ 98, ಇಳಿದು ಏರಿದರೂ 98. ಅದಕ್ಕೇ ಎರಡನೇ ವರ್ಷದ ಕೊನೆಯಲ್ಲಿ ನಾಲ್ಕರ ಬದಲು ಮೂರೇ ತುದಿ.

ಈ 100ರ ಒಳಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ಊಹೆ ಕೂತಿದೆ. ಏನೇ ಆದರೂ ಕಂಪನಿ ಸುಮ್ನೆ ಕೂತು, ಇದ್ದ ಘಟಕವನ್ನು ಇದ್ದ ಹಾಗೇ ನಡೆಸುತ್ತದೆ ಅನ್ನೋದು ಆ ಊಹೆ. ಬೆಲೆ 196ಕ್ಕೆ ಏರಿದರೂ ಇನ್ನೊಂದು ಮಷಿನ್ ಹಾಕುವುದಿಲ್ಲ. 49ಕ್ಕೆ ಬಿದ್ದರೂ ಮುಚ್ಚುವುದಿಲ್ಲ. ಘಟಕ ನಡೆಸುವ ಯಾರೂ ಹೀಗೆ ಇರಲಾರರು, ಅಲ್ವಾ?

ಕೈಯಲ್ಲಿರುವ ಎರಡು ಅವಕಾಶ

ಮೊದಲನೆಯದು ವಿಸ್ತರಣೆ. ಮೊದಲ ವರ್ಷದ ಕೊನೆಗೋ ಎರಡನೇ ವರ್ಷದ ಕೊನೆಗೋ 60 ಖರ್ಚು ಮಾಡಿದರೆ ಘಟಕದ ಸಾಮರ್ಥ್ಯ ಅರ್ಧದಷ್ಟು ಹೆಚ್ಚುತ್ತದೆ. ಅಂದರೆ ಅಂದಿನ ಬೆಲೆಯ 1.5 ಪಟ್ಟು ಸಿಗುತ್ತದೆ, ಅದರಲ್ಲಿ 60 ಕಳೆಯಬೇಕು.

ಎರಡನೆಯದು ಕೈಬಿಡುವುದು. ಮೋಲ್ಡಿಂಗ್ ಮಷಿನ್‌ಗಳಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಇದೆ. ಯಾವ ಅಚ್ಚು ಕೂರಿಸಿದರೂ ಕೆಲಸ ಮಾಡುವ ಮಷಿನ್ ಆದ್ದರಿಂದ ಇನ್ನೊಬ್ಬ ತಯಾರಕರು ಅದನ್ನು ಕೊಳ್ಳುತ್ತಾರೆ. ಅಚ್ಚುಗಳ ಕಥೆ ಬೇರೆ. ಅವು ಒಬ್ಬ ಗ್ರಾಹಕರ ಒಂದು ಭಾಗಕ್ಕೆಂದೇ ಕೊರೆಸಿದ ಉಕ್ಕು, ಮಾರಲು ಹೋದರೆ ಗುಜರಿ ತೂಕದ ಬೆಲೆ. ಕಟ್ಟಡದ ಒಳಗೆ ಹಾಕಿದ ವೈರಿಂಗ್, ಪೈಪ್, ನೆಲದ ಕೆಲಸಕ್ಕೆ ಏನೂ ಬರುವುದಿಲ್ಲ. ಇದೆಲ್ಲ ಕಳೆದು, ಬಿಚ್ಚಿ ಸಾಗಿಸುವ ಖರ್ಚನ್ನೂ ಕಳೆದು ಕೈಗೆ 75 ಸಿಗುತ್ತದೆ ಎಂದು ಮೊದಲ ಅಂದಾಜು. ಈ 75 ಎರಡು ವರ್ಷವೂ ಹಾಗೇ ಇರುತ್ತದೆ ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಇದನ್ನು ಆಮೇಲೆ ಮತ್ತೆ ನೋಡಬೇಕು.

ಹಿಂದಿನಿಂದ ಮುಂದಕ್ಕೆ

ಮರವನ್ನು ಯಾವಾಗಲೂ ಕೊನೆಯಿಂದ ಬಿಡಿಸಬೇಕು. ಪ್ರತಿ ತುದಿಯಲ್ಲೂ ಮೂರು ದಾರಿ: ಇದ್ದ ಹಾಗೇ ನಡೆಸು, ವಿಸ್ತರಿಸು, ಮಾರು. ಯಾವುದು ದೊಡ್ಡದೋ ಅದು ಆ ತುದಿಯ ಬೆಲೆ.

196ರ ತುದಿಯಲ್ಲಿ ವಿಸ್ತರಿಸಿದರೆ 294, ಅದರಲ್ಲಿ 60 ಹೋದರೆ 234. ಹಾಗೇ ನಡೆಸುವುದಕ್ಕಿಂತ 38 ಜಾಸ್ತಿ. ಇಲ್ಲಿ ವಿಸ್ತರಿಸಬೇಕು. 98ರ ತುದಿಯಲ್ಲಿ ವಿಸ್ತರಿಸಿದರೆ ಉಳಿಯುವುದು 87, ಮಾರಿದರೆ 75. ಎರಡೂ ಬೇಡ, ಹಾಗೇ ನಡೆಸುವುದೇ ಸರಿ. 49ರ ತುದಿಯಲ್ಲಿ ಮಾರಿದರೆ 75, ಅಂದರೆ 26 ಲಾಭ.

ಈಗ ಒಂದು ವರ್ಷ ಹಿಂದಕ್ಕೆ ಬರಬೇಕು. ಇಲ್ಲೊಂದು ಗುಣಕ ಬೇಕಾಗುತ್ತದೆ. ಏರುವ ಕವಲಿಗೆ ಎಷ್ಟು ತೂಕ, ಇಳಿಯುವ ಕವಲಿಗೆ ಎಷ್ಟು? ಮಾರಾಟ ವಿಭಾಗದ 60% ಇದ್ದೇ ಇದೆಯಲ್ಲ ಅನ್ನಿಸುತ್ತದೆ. ಆದರೆ ಅದನ್ನು ಬಳಸುವ ಹಾಗಿಲ್ಲ. ಯಾಕೆ ಅನ್ನೋದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಸದ್ಯ ಸೂತ್ರ ಇಷ್ಟು. ಇದರಲ್ಲಿ r ಅಂದರೆ ಅಪಾಯವಿಲ್ಲದ ಬಡ್ಡಿ, ಇಲ್ಲಿ 5%. u ಏರುವ ಪಟ್ಟು, d ಇಳಿಯುವ ಪಟ್ಟು.

```
q = (1 + r - d) / (u - d)
  = (1.05 - 0.70) / (1.40 - 0.70)
  = 0.50
```

ಏರುವುದಕ್ಕೂ ಇಳಿಯುವುದಕ್ಕೂ ಅರ್ಧರ್ಧ ತೂಕ. ಹಿಂದಕ್ಕೆ ತರುವಾಗ 12% ಬೇಡ, 5% ಸಾಕು. ಅಂದರೆ ಎರಡು ತುದಿಗಳನ್ನು ಕೂಡಿಸಿ 2.1ರಿಂದ ಭಾಗಿಸಿದರೆ ಆಯಿತು. 140 ಮತ್ತು 70ನ್ನು ಹೀಗೆ ಮಾಡಿ ನೋಡಿ: 210 ಭಾಗಿಸು 2.1, ಮತ್ತೆ 100. ಮೂಲ ಘಟಕದ ಬೆಲೆ ಎರಡು ದಾರಿಯಲ್ಲೂ ಒಂದೇ ಬಂತು. ಮರ ಕಟ್ಟಿದವರು ಮೊದಲು ಮಾಡಬೇಕಾದ ತಪಾಸಣೆ ಇದೇ. ಇದು ತಾಳೆ ಆಗದಿದ್ದರೆ ಮುಂದೆ ಹೋಗಲೇಬೇಡಿ.

ಮೊದಲ ವರ್ಷದ 140ರ ಕವಲಿಗೆ ಬರೋಣ. ಈಗಲೇ ವಿಸ್ತರಿಸಿದರೆ 210ರಲ್ಲಿ 60 ಕಳೆದು 150. ಸುಮ್ಮನೆ ನಡೆಸಿದರೆ 140 ಇತ್ತು, ಅಂದರೆ 10 ಲಾಭ. ಮಾಮೂಲಿ ಎನ್‌ಪಿವಿ ನೋಡುವವರು ಇಲ್ಲೇ ಸಹಿ ಹಾಕಿಬಿಡುತ್ತಾರೆ. ಆದರೆ ಒಂದು ವರ್ಷ ಕಾದರೆ? ಮುಂದಿನ ತುದಿಗಳು 234 ಮತ್ತು 98. ಕೂಡಿಸಿ ಭಾಗಿಸಿದರೆ 158.1. ಕಾಯುವುದು 8.1ರಷ್ಟು ಮೇಲು. ಬೇಡಿಕೆ ಮತ್ತೆ ಏರಿದರೆ ಆಗ ವಿಸ್ತರಿಸಬಹುದು, ಬಿದ್ದರೆ 60 ಉಳಿಯಿತು.

70ರ ಕವಲಿನಲ್ಲಿ ಇದರ ಕನ್ನಡಿ ಬಿಂಬ. ಘಟಕದ ಬೆಲೆ 70, ಮಾರಿದರೆ 75. ಮಾರಿಬಿಡೋಣ ಅನ್ನಿಸುತ್ತದೆ. ಕಾದರೆ ಮುಂದಿನ ತುದಿಗಳು 98 ಮತ್ತು 75, ಭಾಗಿಸಿದರೆ 82.4. ಕೆಟ್ಟದ್ದಾದರೂ 75 ಖಚಿತವಾಗಿ ಸಿಗುವುದಾದರೆ, ಒಳ್ಳೆಯದಾಗುವ ಸಾಧ್ಯತೆಯನ್ನು ಈಗಲೇ ಬಿಟ್ಟುಕೊಡುವುದು ಯಾಕೆ?

ಇಂದಿಗೆ ತಂದರೆ 158.1 ಮತ್ತು 82.4ನ್ನು ಕೂಡಿಸಿ 2.1ರಿಂದ ಭಾಗಿಸಬೇಕು. ಬರುವುದು 114.5. ಖರ್ಚು 108 ಕಳೆದರೆ ಪ್ಲಸ್ 6.5.

ಬೇಕಿದ್ದರೆ ಮಾತ್ರ ಬಳಸಬಹುದಾದ ಇಂಥ ಅವಕಾಶಕ್ಕೆ ಆಪ್ಷನ್ ಅನ್ನುತ್ತಾರೆ. ನಮ್ಮ ಎರಡು ಆಪ್ಷನ್‌ಗಳ ಬೆಲೆ ಒಟ್ಟು 14.5. ಬಿಡಿಸಿ ನೋಡಿದರೆ ವಿಸ್ತರಣೆಯದು 8.6, ಕೈಬಿಡುವುದರದ್ದು 5.9. ಇಲ್ಲಿ ಎರಡೂ ಸರಿಯಾಗಿ ಕೂಡಿಕೊಂಡವು. ಒಂದು ಬಳಕೆಗೆ ಬರುವುದು ಮೇಲಿನ ತುದಿಯಲ್ಲಿ, ಇನ್ನೊಂದು ಕೆಳಗಿನ ತುದಿಯಲ್ಲಿ. ಅದಕ್ಕೆ ಒಂದಕ್ಕೊಂದು ಅಡ್ಡ ಬರಲಿಲ್ಲ. ಇದನ್ನೇ ನಿಯಮ ಅಂದುಕೊಳ್ಳಬಾರದು. ಒಂದೇ ತುದಿಯಲ್ಲಿ ಎರಡೂ ಲಾಭ ತೋರಿಸಿದರೆ ಅಲ್ಲಿ ಒಂದನ್ನೇ ಆರಿಸಲು ಸಾಧ್ಯ. ಆಗ ಒಟ್ಟು ಬೆಲೆ ಬಿಡಿ ಬೆಲೆಗಳ ಮೊತ್ತಕ್ಕಿಂತ ಕಡಿಮೆ ಆಗುತ್ತದೆ.

60% ಮತ್ತು 12% ಯಾಕೆ ಬೇಡ

ಈ ವಿಷಯದಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲಿ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೋಗೋಣ.

140ರ ಕವಲಿನಲ್ಲಿ ನಿಂತು ವಿಸ್ತರಣೆಯ ಆಪ್ಷನ್ ಒಂದನ್ನೇ ನೋಡಿ. ಮುಂದಿನ ವರ್ಷ ಅದು 38 ಕೊಡುತ್ತದೆ, ಇಲ್ಲವೇ ಸೊನ್ನೆ. ಇದೇ 38 ಅಥವಾ ಸೊನ್ನೆಯನ್ನು ಬೇರೆ ದಾರಿಯಲ್ಲೂ ಪಡೆಯಬಹುದು. ಇಂಥದ್ದೇ ಘಟಕದಲ್ಲಿ 38.8% ಪಾಲು ಕೊಳ್ಳಿ. 140ರ ಬೆಲೆಗೆ ಅದು 54.3 ಆಗುತ್ತದೆ. ಅದರಲ್ಲಿ 36.2ನ್ನು 5% ಬಡ್ಡಿಗೆ ಸಾಲ ತನ್ನಿ. ಮುಂದಿನ ವರ್ಷ ತೀರಿಸಬೇಕಾದದ್ದು 38. ಘಟಕ 196 ಆದರೆ ನಿಮ್ಮ ಪಾಲು 76, ಸಾಲ ತೀರಿಸಿ 38 ಉಳಿಯುತ್ತದೆ. ಘಟಕ 98 ಆದರೆ ಪಾಲು 38, ಸಾಲಕ್ಕೇ ಸರಿಹೋಗಿ ಸೊನ್ನೆ. ಆಪ್ಷನ್ ಕೊಡುವುದನ್ನೇ ಇದೂ ಕೊಟ್ಟಿತು. ಕೈಯಿಂದ ಹಾಕಿದ್ದು 54.3ರಲ್ಲಿ 36.2 ಕಳೆದು 18.1. ಹಾಗಾದರೆ ಆಪ್ಷನ್ ಬೆಲೆಯೂ 18.1. ಮೇಲೆ ಬಂದ 158.1ರಲ್ಲಿ 140 ಕಳೆದು ನೋಡಿ, ಅದೇ ಅಂಕಿ.

ಈ ಲೆಕ್ಕದಲ್ಲಿ 60% ಎಲ್ಲೂ ಬರಲೇ ಇಲ್ಲ. ಮಾರಾಟ ವಿಭಾಗದ ನಂಬಿಕೆ ಆಗಲೇ ಘಟಕದ 100 ಎಂಬ ಬೆಲೆಯ ಒಳಗೆ ಸೇರಿಕೊಂಡಿದೆ. ಇನ್ನೊಮ್ಮೆ ಸೇರಿಸಬೇಕಿಲ್ಲ. ಇದೇ ಲೆಕ್ಕವನ್ನು ಚಿಕ್ಕದಾಗಿ ಬರೆದರೆ q ಸೂತ್ರ ಬರುತ್ತದೆ. ಶೇರು ಆಪ್ಷನ್‌ಗಳಿಗಾಗಿ ಕಾಕ್ಸ್, ರಾಸ್, ರುಬಿನ್‌ಸ್ಟೈನ್ 1979ರಲ್ಲಿ ಪ್ರಕಟಿಸಿದ ಮರದ ವಿಧಾನ ಇದೇ.

ಹಠ ಹಿಡಿದು 60% ಮತ್ತು 12% ಬಳಸಿದರೆ ಏನಾಗುತ್ತದೆ? ವಿಸ್ತರಣೆಗೆ 8.6ರ ಬದಲು 10.9 ಬರುತ್ತದೆ. ಕೈಬಿಡುವುದಕ್ಕೆ 5.9ರ ಬದಲು 3.3. ಒಟ್ಟು 14.2, ಸರಿಯಾದ ಉತ್ತರ 14.5. ವ್ಯತ್ಯಾಸ ಇಷ್ಟೇನಾ ಅನ್ನಿಸಬಹುದು. ಆದರೆ ಎರಡು ದೊಡ್ಡ ತಪ್ಪುಗಳು ಎದುರುಬದುರಾಗಿ ಒಂದನ್ನೊಂದು ಮುಚ್ಚಿಹಾಕಿವೆ, ಅಷ್ಟೆ. ಯೋಜನೆಯಲ್ಲಿ ಒಂದೇ ಆಪ್ಷನ್ ಇದ್ದಿದ್ದರೆ ತಪ್ಪು ನೇರವಾಗಿ ನಿರ್ಧಾರಕ್ಕೆ ಬಡಿಯುತ್ತಿತ್ತು.

ಕಾರಣ ಅಪಾಯದಲ್ಲಿದೆ. ವಿಸ್ತರಣೆಯ ಆಪ್ಷನ್ ಸಾಲ ಮಾಡಿ ಘಟಕದ ಪಾಲು ಕೊಂಡ ಹಾಗೆ ಎಂದು ಈಗಷ್ಟೇ ನೋಡಿದೆವು. ಅದು ಘಟಕಕ್ಕಿಂತ ಹೆಚ್ಚು ಅಪಾಯದ್ದು, 12% ಅದಕ್ಕೆ ಸಾಲದು. 60% ಸಾಧ್ಯತೆಯನ್ನೇ ಇಟ್ಟುಕೊಂಡು 8.6 ಬರಬೇಕಾದರೆ ವರ್ಷಕ್ಕೆ 26% ದರ ಹಾಕಬೇಕು. ಕೈಬಿಡುವ ಆಪ್ಷನ್ ವಿಮೆಯ ತರಹದ್ದು, ಘಟಕ ಸೋತಾಗ ಹಣ ಕೊಡುತ್ತದೆ. ಅದರ ದರ ಮೈನಸ್ 16%. ಯಾವ ಹಣಕಾಸು ವಿಭಾಗವೂ ಮೈನಸ್ ದರವನ್ನು ತಾನಾಗಿ ಹಾಕುವುದಿಲ್ಲ. ಹಾಗಾಗಿ ಹಳೆಯ ದಾರಿಯಲ್ಲಿ ಹೋದರೆ ಕೈಬಿಡುವ ಅವಕಾಶಕ್ಕೆ ಸಿಗಬೇಕಾದ ಬೆಲೆ ಸಿಗುವುದೇ ಇಲ್ಲ.

75 ನಿಜಕ್ಕೂ 75 ಆಗಿರುತ್ತದಾ?

ಈಗ ಬದಿಗಿಟ್ಟಿದ್ದ ಅಂಕಿಗೆ ಬರೋಣ. ಮಷಿನ್ ಹಳೆಯದಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಎರಡು ವರ್ಷ ಸತತವಾಗಿ ಬೇಡಿಕೆ ಬಿದ್ದಿದೆ ಅಂದರೆ ಬೇರೆ ತಯಾರಕರೂ ಮಷಿನ್ ಮಾರಲು ನಿಂತಿರುತ್ತಾರೆ. ಕೊಳ್ಳುವವರು ಕಡಿಮೆ, ಮಾರುವವರು ಜಾಸ್ತಿ. ಕೈಬಿಡುವ ಅವಕಾಶ ಬೇಕಾಗುವ ಹೊತ್ತಿಗೇ ಅದರ ಬೆಲೆ ಕುಸಿದಿರುತ್ತದೆ. ಆದ್ದರಿಂದ ಮೊದಲ ವರ್ಷ 75, ಎರಡನೇ ವರ್ಷ 55 ಎಂದು ಬದಲಿಸಿ ನೋಡೋಣ.

49ರ ತುದಿಯಲ್ಲಿ ಈಗ ಸಿಗುವುದು 55. 70ರ ಕವಲಿನಲ್ಲಿ ಕಾದರೆ 98 ಮತ್ತು 55ನ್ನು ಕೂಡಿಸಿ 2.1ರಿಂದ ಭಾಗಿಸಬೇಕು, ಬರುವುದು 72.9. ಈಗಲೇ ಮಾರಿದರೆ 75. ನಿರ್ಧಾರ ತಿರುಗಿಬಿತ್ತು. ಕಾಯುವುದು ಸರಿಯಿದ್ದ ಕವಲಿನಲ್ಲಿ ಈಗ ತಕ್ಷಣ ಮಾರುವುದು ಸರಿ. ಘಟಕ ಬದಲಾಗಲಿಲ್ಲ, ಬೇಡಿಕೆ ಬದಲಾಗಲಿಲ್ಲ. ಮುಂದಿನ ವರ್ಷದ ಸೆಕೆಂಡ್ ಹ್ಯಾಂಡ್ ಬೆಲೆ ಒಂದೇ ಬದಲಾಗಿದ್ದು.

ಇಂದಿನ ಬೆಲೆ 114.5ರಿಂದ 111ಕ್ಕೆ ಇಳಿಯಿತು. ಎನ್‌ಪಿವಿ ಪ್ಲಸ್ 3. ಕೈಬಿಡುವ ಆಪ್ಷನ್ 5.9ರಿಂದ 2.4ಕ್ಕೆ ಬಂತು. ಇಂಥ ವರದಿ ಯಾರಾದರೂ ತಂದುಕೊಟ್ಟರೆ ನಾನು ಮೊದಲು ಕೇಳುವುದು ಇದನ್ನೇ: ಮಾರುವ ಬೆಲೆ ಯಾವ ತಾರೀಖಿನದು, ಒಳ್ಳೆಯ ಮಾರುಕಟ್ಟೆಯದೋ ಕೆಟ್ಟ ಮಾರುಕಟ್ಟೆಯದೋ? ಎಲ್ಲಾ ವರ್ಷಕ್ಕೂ ಒಂದೇ ಅಂಕಿ ಇದ್ದರೆ, ಅದನ್ನು ಯಾರೂ ಯೋಚಿಸಿ ಹಾಕಿಲ್ಲ ಎಂದೇ ಅರ್ಥ.

108ರ ಒಳಗಿನ 5

108ರಲ್ಲಿ 5 ಒಂದು ವಿಶೇಷ ಖರ್ಚು. ಮುಂದೆ ಬರುವ ಮಷಿನ್‌ಗಳಿಗಾಗಿ ಈಗಲೇ ಹಾಕುವ ಫೌಂಡೇಶನ್, ದೊಡ್ಡ ಟ್ರಾನ್ಸ್‌ಫಾರ್ಮರ್, ಶೆಡ್ಡಿನಲ್ಲಿ ಖಾಲಿ ಬಿಟ್ಟ ಜಾಗ. ಇವು ಇರುವುದಕ್ಕೇ ಆಮೇಲೆ 60ರಲ್ಲಿ ವಿಸ್ತರಣೆ ಸಾಧ್ಯ. ಖರ್ಚು ಕಡಿತದ ಮೀಟಿಂಗಿನಲ್ಲಿ ಮೊದಲು ಕೆಂಪು ಗೆರೆ ಬೀಳುವುದು ಇಂಥ ಸಾಲಿಗೇ. "ಈಗ ಬೇಕಿಲ್ಲದ್ದಕ್ಕೆ ಈಗ ಯಾಕೆ ದುಡ್ಡು?" ಅನ್ನೋ ಪ್ರಶ್ನೆಗೆ ಮಾಮೂಲಿ ಎನ್‌ಪಿವಿಯಲ್ಲಿ ಉತ್ತರ ಇಲ್ಲ. ಅಲ್ಲಿ 5 ತೆಗೆದರೆ ಮೈನಸ್ 8 ಮೈನಸ್ 3 ಆಗುತ್ತದೆ, ಯೋಜನೆ ಸುಧಾರಿಸಿದ ಹಾಗೇ ಕಾಣುತ್ತದೆ.

ಮರದಲ್ಲಿ ನೋಡಿ. 5 ತೆಗೆದರೆ ಖರ್ಚು 103. ವಿಸ್ತರಣೆ ಹೋಯಿತು, ಉಳಿದದ್ದು ಕೈಬಿಡುವ 2.4 ಮಾತ್ರ. ಒಟ್ಟು ಬೆಲೆ 102.4, ಎನ್‌ಪಿವಿ ಮೈನಸ್ 0.6. ಉಳಿತಾಯ ಮಾಡಲು ಹೋಗಿ ಯೋಜನೆಯನ್ನೇ ಕೊಂದಂತಾಯಿತು. ಆ 5 ಕೊಟ್ಟು ಕೊಂಡದ್ದು 8.6 ಬೆಲೆಯ ಹಕ್ಕನ್ನು. ಈ ಪ್ರಕರಣದಲ್ಲಿ ಮರ ಬಿಡಿಸಿದ್ದರಿಂದ ಸಿಕ್ಕ ಅತಿ ಉಪಯುಕ್ತ ಮಾಹಿತಿ ನನ್ನ ಮಟ್ಟಿಗೆ ಇದೇ. ಒಟ್ಟು ಎನ್‌ಪಿವಿಗಿಂತ ಇದು ಹೆಚ್ಚು ನಂಬಲರ್ಹ ಕೂಡ. ಇಲ್ಲಿ ಹೋಲಿಸುತ್ತಿರುವುದು ಒಂದು ಖರ್ಚನ್ನು ಮತ್ತು ಅದು ತಂದುಕೊಡುವ ಒಂದು ಹಕ್ಕನ್ನು, ಅಷ್ಟೇ.

ಎಲ್ಲಿ ಮುರಿಯುತ್ತದೆ

ಪ್ಲಸ್ 3 ದೊಡ್ಡ ಅಂಕಿಯೇನಲ್ಲ. ಅದು ಯಾವ ಅಂಕಿಯ ಮೇಲೆ ನಿಂತಿದೆ ಅನ್ನೋದನ್ನು ಹುಡುಕಬೇಕು. ವಿಸ್ತರಣೆಯ ಖರ್ಚು 60ರಿಂದ ಏರುತ್ತಾ ಹೋದರೆ ಸುಮಾರು 73ರಲ್ಲಿ ಎನ್‌ಪಿವಿ ಸೊನ್ನೆ ಆಗುತ್ತದೆ. ಅಂದರೆ ಅಂದಾಜು 22% ತಪ್ಪಿದರೆ ಯೋಜನೆ ಇಲ್ಲ. ಮಾರುವ ಬೆಲೆ ಇಷ್ಟು ಕಾಡುವುದಿಲ್ಲ. ಎರಡನೇ ವರ್ಷ 55 ಸಿಗುವುದಾದರೆ, ಮೊದಲ ವರ್ಷ 75ಕ್ಕೆ ಕೊಳ್ಳುವವರೇ ಇಲ್ಲದಿದ್ದರೂ ಎನ್‌ಪಿವಿ ಪ್ಲಸ್ 2ರ ಹತ್ತಿರ ಉಳಿಯುತ್ತದೆ. ಹಾಗಾಗಿ ಕೊಟೇಶನ್ ತರಿಸಿ ಗಟ್ಟಿ ಮಾಡಿಕೊಳ್ಳಬೇಕಾದದ್ದು ವಿಸ್ತರಣೆಯ ಖರ್ಚನ್ನು.

ಇನ್ನೊಂದು ಕಡೆ ಮರ ಸುಲಭವಾಗಿ ಮೋಸ ಮಾಡುತ್ತದೆ. ಕಾಯುವುದಕ್ಕೆ ಏನೂ ಖರ್ಚಿಲ್ಲ ಎಂದು ಅದು ಅಂದುಕೊಂಡಿದೆ. 140ರ ಕವಲಿನಲ್ಲಿ ಕಂಪನಿ ಒಂದು ವರ್ಷ ಕಾಯುವಾಗ ಪ್ರತಿಸ್ಪರ್ಧಿ ಸಾಮರ್ಥ್ಯ ಹೆಚ್ಚಿಸಿಕೊಂಡರೆ? ಗ್ರಾಹಕರು ಅತ್ತ ಹೋಗುತ್ತಾರೆ. ಆ ನಷ್ಟ 8.1ಕ್ಕಿಂತ ಹೆಚ್ಚಿದ್ದರೆ ತಕ್ಷಣ ವಿಸ್ತರಿಸುವುದೇ ಮೇಲು, ಕವಲಿನ ಬೆಲೆ 158.1ರಿಂದ 150ಕ್ಕೆ ಇಳಿಯುತ್ತದೆ. ಇಂದಿಗೆ ತಂದರೆ ಒಟ್ಟು 107.1, ಎನ್‌ಪಿವಿ ಮೈನಸ್ 0.9. ಅಂದರೆ ಈ ಘಟಕ ಲಾಭದ್ದಾಗಲು ವಿಸ್ತರಣೆಯ ಅವಕಾಶ ಇದ್ದರಷ್ಟೇ ಸಾಲದು, ಅದನ್ನು ಒಂದು ವರ್ಷ ತಡೆದು ಇಟ್ಟುಕೊಳ್ಳಲೂ ಆಗಬೇಕು. ಬಹುವರ್ಷದ ಖರೀದಿ ಒಪ್ಪಂದ ಇದ್ದರೆ ಅದು ಆಗಬಹುದು. ಯಾರು ಬೇಕಾದರೂ ನುಗ್ಗಬಹುದಾದ ಮಾರುಕಟ್ಟೆಯಾದರೆ ಕಷ್ಟ.

ಮೊದಲ ಎರಡು ವರ್ಷದ ನಗದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಘಟಕ ಆಗ ಇನ್ನೂ ಕುದುರುತ್ತಿರುತ್ತದೆ, ದೊಡ್ಡ ಹಣ ಆಮೇಲೆ ಎಂದು ಇಟ್ಟುಕೊಂಡೆ. ಮೊದಲ ವರ್ಷವೇ ಒಳ್ಳೆಯ ನಗದು ಬಂದರೆ, ಅದು ಕೈಗೆ ಸೇರಿದ ಮೇಲೆ ಘಟಕದ ಬೆಲೆ ಅಷ್ಟು ಇಳಿಯಬೇಕು. ಇಳಿದ ಬೆಲೆಯಿಂದಲೇ ಮುಂದಿನ ಕವಲು ಕಟ್ಟಬೇಕು.

ಎರಡೇ ಹಂತ ಸಾಕೇ? ಬೆಲೆ ತಿಂಗಳು ತಿಂಗಳೂ ಬದಲಾಗುತ್ತದೆ, ನಿಜ. ಹಂತ ಹೆಚ್ಚಿಸಿದರೆ 14.5 ಅಥವಾ 11 ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ಈ ಕಂಪನಿ ವರ್ಷಕ್ಕೊಮ್ಮೆ, ಬಜೆಟ್ ಹೊತ್ತಿನಲ್ಲಿ ಮಾತ್ರ ಇಂಥ ನಿರ್ಧಾರ ತೆಗೆದುಕೊಳ್ಳುವುದಾದರೆ ಎರಡು ಹಂತದ ಮರ ಅದರ ನಡೆಗೆ ಹೊಂದುತ್ತದೆ. ನೂರು ಹಂತದ ಮರದಲ್ಲಿ ಯಾವ ಕವಲಲ್ಲಿ ಯಾರು ಏನು ಮಾಡಬೇಕು ಅನ್ನೋದು ಯಾರಿಗೂ ಕಾಣುವುದಿಲ್ಲ.

ಆ ಕಾಣುವಿಕೆ ಯಾಕೆ ಬೇಕು ಅಂದರೆ, 111 ಎಂಬ ಬೆಲೆ ಬಂದದ್ದು ಸರಿಯಾದ ತುದಿಯಲ್ಲಿ ಸರಿಯಾದ ಕೆಲಸ ಮಾಡುತ್ತೇವೆ ಎಂಬ ಭರವಸೆಯ ಮೇಲೆ. ಘಟಕ ಕಟ್ಟಿಸಿದವರ ಕೈಗೇ ಮುಚ್ಚುವ ನಿರ್ಧಾರ ಕೊಟ್ಟರೆ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಮಂಜೂರಾತಿ ಪತ್ರದಲ್ಲೇ ಮೂರು ಸಾಲು ಬರೆಸಬೇಕು. ಮೊದಲ ವರ್ಷದ ಕೊನೆಯಲ್ಲಿ ಘಟಕದ ಬೆಲೆ 70ರ ಆಸುಪಾಸು ಇದ್ದು, ಮಾರಿದರೆ ಕೈಗೆ 73ಕ್ಕಿಂತ ಹೆಚ್ಚು ಬರುವುದಾದರೆ ಮಾರುವುದು. 140ರ ಆಸುಪಾಸು ಇದ್ದರೆ ವಿಸ್ತರಣೆಗೆ ಇನ್ನೊಂದು ವರ್ಷ ಕಾಯುವುದು, ಪ್ರತಿಸ್ಪರ್ಧಿ ಮುನ್ನುಗ್ಗಿದ್ದರೆ ಮಾತ್ರ ಲೆಕ್ಕ ಮತ್ತೆ ಹಾಕುವುದು. ಎರಡನೇ ವರ್ಷದ ಕೊನೆಯಲ್ಲಿ ಘಟಕದ ಬೆಲೆ 120 ದಾಟಿದ್ದರೆ ವಿಸ್ತರಿಸುವುದು, ಯಾಕೆಂದರೆ 120ರ ಅರ್ಧ 60, ಅಲ್ಲಿಂದ ಮೇಲೆ ಸಿಗುವುದೆಲ್ಲ ಲಾಭ. ಈ ಬೆಲೆಗಳನ್ನು ಅಳೆದು ಹೇಳುವವರು ಘಟಕದ ಮ್ಯಾನೇಜರ್ ಅಲ್ಲದೆ ಬೇರೆಯವರಾಗಿರಬೇಕು ಎಂದೂ ಅಲ್ಲೇ ಸೇರಿಸಬೇಕು.